ಕರಾವಳಿಯ ಬೇಸಿಗೆ ಮದುವೆ: ಹಗಲಿನ ಮುಹೂರ್ತಕ್ಕೆ ಸೀರೆ, ರವಿಕೆಯ ಆಯ್ಕೆ

ಏಪ್ರಿಲ್ ಮತ್ತು ಮೇ ತಿಂಗಳುಗಳು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮದುವೆಗಳ ಕಾಲ. ಶಾಲೆಗಳಿಗೆ ರಜೆ ಇರುತ್ತದೆ, ಮುಂಬಯಿಯಿಂದಲೂ ಗಲ್ಫ್ ದೇಶಗಳಿಂದಲೂ ಬಂಧುಗಳು ಊರಿಗೆ ಬಂದಿರುತ್ತಾರೆ. ಮುಹೂರ್ತಗಳಲ್ಲಿ ಹೆಚ್ಚಿನವು ಹಗಲು ಹನ್ನೊಂದರಿಂದ ಹನ್ನೆರಡೂವರೆಯೊಳಗೆ ಬರುತ್ತವೆ. ಅದೇ ಹೊತ್ತಿಗೆ ಸಭಾಭವನದ ಹೆಂಚು ಅಥವಾ ಶೀಟಿನ ಮಾಡು ಕಾದು, ಸಮುದ್ರದ ಕಡೆಯ ಗಾಳಿ ಇನ್ನೂ ಬೀಸತೊಡಗದೆ, ಸೆಖೆಯು ತುತ್ತತುದಿಗೇರಿರುತ್ತದೆ. ಈ ಹೊತ್ತಿನಲ್ಲಿ ಆರೇಳು ಗಂಟೆ ಕಾಲ ಸೀರೆಯುಟ್ಟು ನಿಲ್ಲಬೇಕಾದ ಮನೆಯ ಹೆಂಗಸರಿಗೆ ಉಡುಪಿನ ಆಯ್ಕೆಯು ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಬಳ್ಳಾರಿ, ರಾಯಚೂರುಗಳಲ್ಲಿ ಮೇ ತಿಂಗಳಿನ ತಾಪಮಾನ 40 ಡಿಗ್ರಿಯನ್ನು ಮುಟ್ಟುತ್ತದೆ. ಮಂಗಳೂರಿನಲ್ಲಿ ಅದು 33–34 ಡಿಗ್ರಿಯನ್ನು ಮೀರುವುದು ಅಪರೂಪ. ಆದರೂ ಬಯಲುಸೀಮೆಯಿಂದ ಬಂದ ನೆಂಟರು ಇಲ್ಲಿ ಹೆಚ್ಚು ಬಳಲುತ್ತಾರೆ. ಅಲ್ಲಿನ ಒಣಹವೆಯಲ್ಲಿ ಬೆವರು ಹುಟ್ಟಿದಲ್ಲಿಯೇ ಆರಿ ಮೈಯನ್ನು ತಂಪುಮಾಡುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಹರಿಯುತ್ತದೆ. ಆದುದರಿಂದ ಬಳ್ಳಾರಿಗೆ ಒಪ್ಪುವ ಸೀರೆಯೆಲ್ಲವೂ ಬಂಟ್ವಾಳಕ್ಕೆ ಒಪ್ಪಬೇಕೆಂದಿಲ್ಲ. ಇಲ್ಲಿ ಬಟ್ಟೆಯು ಬೆವರನ್ನು ಹೀರಿದರೆ ಸಾಲದು. ಒದ್ದೆಯಾದ ಮೇಲೂ ಮೈಗೆ ಅಂಟದೆ, ನಡುವೆ ಒಂದಿಷ್ಟು ಗಾಳಿಗೆ ಎಡೆ ಬಿಡಬೇಕು.

ರೇಷ್ಮೆಯದು ತಪ್ಪೇ?

ಸೆಖೆಗೆ ರೇಷ್ಮೆಯೇ ಕಾರಣವೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇದು ಪೂರ್ತಿ ನಿಜವಲ್ಲ. ಪ್ರಮಾಣಿತ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ ರೇಷ್ಮೆಯು ಸುಮಾರು ಶೇ. 11ರಷ್ಟನ್ನು ಹಿಡಿಯುತ್ತದೆ. ಪಾಲಿಯೆಸ್ಟರ್ ಶೇ. 1ರಷ್ಟನ್ನೂ ಹಿಡಿಯುವುದಿಲ್ಲ. ಅಂದರೆ ನೂಲಿನ ಗುಣದಲ್ಲಿ ರೇಷ್ಮೆಯು ಹತ್ತಿಗೆ ಹಿಂದಿಲ್ಲ. ಕಷ್ಟ ಕೊಡುವುದು ನೇಯ್ಗೆಯ ದಟ್ಟಣೆ, ಜರಿಯ ಭಾರ ಮತ್ತು ಉಟ್ಟಾಗ ಒಂದರ ಮೇಲೊಂದು ಕೂಡುವ ಪದರಗಳು. ಎರಡು ಮೂರು ಎಳೆಗಳನ್ನು ಹುರಿಗೊಳಿಸಿ ನೇಯ್ದ ಅಗಲ ಅಂಚಿನ ಕಾಂಚೀಪುರಂ ಸೀರೆಯ ಎದೆಯ ಮೇಲಿನ ಸೆರಗನ್ನು ಐದಾರು ಮಡಿಕೆ ಮಾಡಿ ಪಿನ್ನು ಹಾಕಿದಾಗ, ಅಲ್ಲಿ ಕಂಬಳಿಯಷ್ಟೇ ದಪ್ಪದ ಪದರ ನಿಂತಿರುತ್ತದೆ.

ಹೀಗಾಗಿ ಸೀರೆಯನ್ನು ಆರಿಸುವಾಗ ಹೆಸರಿಗಿಂತ ಮೊದಲು ತೂಕವನ್ನು ನೋಡುವುದು ಲೇಸು. ಅಡುಗೆಮನೆಯ ತಕ್ಕಡಿಯೇ ಸಾಕು. 500 ಗ್ರಾಮಿನೊಳಗಿನ ಸೀರೆಯನ್ನು ಹಗಲಿಡೀ ಉಡಬಹುದು. 700 ಗ್ರಾಮ್ ದಾಟಿದ ಸೀರೆಯು ಮುಹೂರ್ತದ ಒಂದೆರಡು ಗಂಟೆಗೆ ಮಾತ್ರ ಯೋಗ್ಯ. ಬಳಿಕ ಒಂದು ಪದರವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ನೇಯ್ಗೆಯ ಎಡೆಯಿಂದ ಬೆಳಕು ಸಮನಾಗಿ ಸೋಸಿಬಂದರೆ ಗಾಳಿಯೂ ಬರುತ್ತದೆ. ಕೊನೆಗೆ ಸೀರೆಯ ಹಿಂಬದಿಯನ್ನು ತಿರುಗಿಸಿ ನೋಡಬೇಕು. ಬುಟ್ಟಾಗಳ ಹಿಂದೆ ಜರಿಯ ಸಡಿಲ ಎಳೆಗಳು ಉದ್ದಕ್ಕೆ ಹಾದುಹೋಗಿದ್ದರೆ ಬೆವೆತ ಚರ್ಮಕ್ಕೆ ಅವು ತುರಿಕೆ ತರುತ್ತವೆ; ಹೊಟ್ಟೆಯ ಬದಿಯಲ್ಲಿ ಇದು ಬೇಗ ತಿಳಿಯುತ್ತದೆ.

ತೂಕದಷ್ಟೇ ಮುಖ್ಯವಾದ ಮತ್ತೊಂದು ಗುಣವೆಂದರೆ ಬಟ್ಟೆಯ ಬಿಗುವು. ಮೈಸೂರು ರೇಷ್ಮೆಯ ಕ್ರೇಪ್ ಸೀರೆಯನ್ನು ಇಲ್ಲಿ ಉದಾಹರಿಸಬಹುದು. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ಸರಕಾರಿ ಕಾರ್ಖಾನೆಯ ಈ ಸೀರೆಯು ಬಲವಾಗಿ ಹುರಿಗೊಳಿಸಿದ ನೂಲಿನದು. ತೆಳುವಾದುದು, ಹಗುರವಾದುದು, ನೆರಿಗೆಗಳು ನೀರಿನಂತೆ ಇಳಿಯುತ್ತವೆ. ಸಂಜೆಯ ಆರತಕ್ಷತೆಗೆ ಇದಕ್ಕಿಂತ ಒಳ್ಳೆಯದನ್ನು ಹುಡುಕುವುದು ಕಷ್ಟ. ಆದರೆ ಇಳಿಬೀಳುವ ಆ ಗುಣವೇ ಹಗಲಿನ ಸೆಖೆಯಲ್ಲಿ ತೊಡಕಾಗುತ್ತದೆ. ಬೆವರಿದ ಕೂಡಲೇ ಕ್ರೇಪ್ ಬಟ್ಟೆಯು ಸೊಂಟಕ್ಕೂ ಕಾಲಿಗೂ ಅಂಟಿಕೊಳ್ಳುತ್ತದೆ. ಹಗುರವಾದುದೆಲ್ಲ ತಂಪಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇದಕ್ಕೆ ವಿರುದ್ಧವಾಗಿ ಮಧ್ಯಪ್ರದೇಶದ ಚಂದೇರಿ, ಮಹೇಶ್ವರಿ ಸೀರೆಗಳಲ್ಲಿ ರೇಷ್ಮೆಯ ಹಾಸು, ಹತ್ತಿಯ ಹೊಕ್ಕು ಇರುತ್ತದೆ. ಚಂದೇರಿಯಲ್ಲಿ ಬಳಸುವ ರೇಷ್ಮೆಯ ನೂಲಿನ ಸಹಜ ಅಂಟನ್ನು ತೆಗೆದಿರುವುದಿಲ್ಲವಾದುದರಿಂದ ಬಟ್ಟೆಯು ತೆಳುವಾಗಿದ್ದರೂ ಮೈಯಿಂದ ತುಸು ದೂರ ನಿಲ್ಲುತ್ತದೆ. ಜರಿಯ ಅಂಚಿದ್ದರೆ ಮದುವೆಯ ಗತ್ತಿಗೂ ಕೊರತೆಯಿಲ್ಲ. ಹಗಲಿನ ಮದುವೆಗೆ ನಮ್ಮ ಮೊದಲ ಶಿಫಾರಸು ಈ ರೇಷ್ಮೆ–ಹತ್ತಿ ಮಿಶ್ರಣದ್ದೇ. ಒಂದು ಮಿತಿಯನ್ನು ಮಾತ್ರ ನೆನಪಿಡಬೇಕು: ಚಂದೇರಿಯ ನೂಲು ಪೆಡಸು. ಹೆಗಲಿನ ಪಿನ್ನು ಎಳೆದಲ್ಲಿ, ನೆಲದಲ್ಲಿ ಕುಳಿತೇಳುವಾಗ ಮೊಣಕಾಲಿನ ಬಳಿಯಲ್ಲಿ ಅದು ಹರಿಯುತ್ತದೆ. ಪಿನ್ನಿನ ಕೆಳಗೆ ಸಣ್ಣ ಬಟ್ಟೆಯ ತುಂಡೊಂದನ್ನು ಇಟ್ಟರೆ ಹೆಗಲು ಉಳಿಯುತ್ತದೆ. ಪಂಕ್ತಿಯಲ್ಲಿ ಬಡಿಸಲು ಬಗ್ಗಿ ಏಳುವವರು ಮಹೇಶ್ವರಿಯನ್ನು ಆರಿಸುವುದು ಕ್ಷೇಮ.

ನಮ್ಮದೇ ಉಡುಪಿ ಕೈಮಗ್ಗದ ಹತ್ತಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. 80 ನಂಬರಿನ ಸಣ್ಣ ನೂಲಿನ ಈ ಸೀರೆಯು ಈ ಹವೆಗೆಂದೇ ಹುಟ್ಟಿದ್ದು. ಆದರೆ ಹತ್ತಿರದ ಬಂಧುವೊಬ್ಬಳು ಧಾರೆಯ ಹೊತ್ತಿಗೆ ಹತ್ತಿ ಸೀರೆಯುಟ್ಟು ಬಂದರೆ, ಮದುವೆಯನ್ನು ಅಗ್ಗವಾಗಿ ಕಂಡಳೆಂದು ಹಿರಿಯರು ಎಣಿಸುವುದುಂಟು. ಈ ಎಣಿಕೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ; ಮದುವೆಯ ದಿನ ಅದನ್ನು ಇತ್ಯರ್ಥಪಡಿಸಲು ಹೋಗದಿರುವುದು ಒಳಿತು. ಉತ್ತರ ಕರ್ನಾಟಕದ ಇಳಕಲ್ ಸೀರೆ ಇಲ್ಲೊಂದು ನಡುದಾರಿ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಸಂಪ್ರದಾಯ ಅದರದು. ಕಾಣುವಲ್ಲಿ ರೇಷ್ಮೆ, ಮೈಗೆ ತಾಗುವಲ್ಲಿ ಹತ್ತಿ. ಕೊಳ್ಳುವಾಗ ಒಡಲು ಹತ್ತಿಯದೇ ಎಂದು ಖಚಿತಪಡಿಸಿಕೊಳ್ಳಬೇಕು. ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟರೆ ತಿಳಿಯುತ್ತದೆ: ಹತ್ತಿಯು ಕಾಗದದ ವಾಸನೆ ಬೀರಿ ಮೆತ್ತಗಿನ ಬೂದಿಯಾಗುತ್ತದೆ, ರೇಷ್ಮೆಯು ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗಿ ನಿಲ್ಲುತ್ತದೆ. ಕುಚ್ಚಿನಲ್ಲಿ ಸೆರಗಿನ ಎಳೆಯಷ್ಟೇ ಇರುವುದರಿಂದ ಒಡಲಿನ ಒಳತುದಿಯ ಎಳೆಯನ್ನೂ ಪ್ರತ್ಯೇಕವಾಗಿ ಸುಟ್ಟು ನೋಡಬೇಕು.

ಹತ್ತಿ ಸೀರೆಯನ್ನೇ ಉಡುವವರಿಗೆ ಗಂಜಿಯ ಬಗ್ಗೆ ಒಂದು ಮಾತು. ಗಂಜಿ ಹೆಚ್ಚಾದಷ್ಟೂ ಸೀರೆ ಹೆಚ್ಚು ಹೊತ್ತು ಖಡಕ್ಕಾಗಿ ನಿಲ್ಲುತ್ತದೆಂಬುದು ತಪ್ಪು ತಿಳಿವಳಿಕೆ. ದಪ್ಪ ಗಂಜಿ ನೇಯ್ಗೆಯ ರಂಧ್ರಗಳನ್ನು ಮುಚ್ಚುತ್ತದೆ, ಬೆವರಿಗೆ ಕರಗಿ ಮಧ್ಯಾಹ್ನದ ಹೊತ್ತಿಗೆ ಜಿಗುಟಾಗುತ್ತದೆ. ತೆಳು ಗಂಜಿಯೇ ಸಾಕು.

ನಿಜವಾದ ಪರೀಕ್ಷೆ ರವಿಕೆಯದು

ಸೀರೆಯ ಬಗ್ಗೆ ವಾರಗಟ್ಟಲೆ ಯೋಚಿಸುವವರೂ ರವಿಕೆಯನ್ನು ದರ್ಜಿಯ ಇಷ್ಟಕ್ಕೆ ಬಿಡುತ್ತಾರೆ. ವಾಸ್ತವದಲ್ಲಿ ಸೆಖೆಯನ್ನು ನಿರ್ಧರಿಸುವುದು ರವಿಕೆ. ಮೈಗೆ ಅತ್ಯಂತ ಬಿಗಿಯಾಗಿ ಕೂರುವ ಬಟ್ಟೆ ಅದೊಂದೇ; ಬೆವರು ಹೆಚ್ಚು ಹುಟ್ಟುವ ಕಂಕುಳು, ಬೆನ್ನು, ಎದೆಯ ನಡುಭಾಗ ಮೂರೂ ಅದರಡಿಯಲ್ಲೇ ಇವೆ. ಇಂದು ಪೇಟೆಯಲ್ಲಿ ಹೊಲಿಯುವ ಮದುವೆಯ ರವಿಕೆಯಲ್ಲಿ ಹೊರಗೆ ಜರಿಯ ಬಟ್ಟೆ, ಒಳಗೆ ಲೈನಿಂಗ್, ಕೆಲವೊಮ್ಮೆ ನಡುವೆ ಕ್ಯಾನ್ವಾಸ್ ಮತ್ತು ಪ್ಯಾಡ್ ಇರುತ್ತವೆ. ಇದರ ಮೇಲೆ ಸೆರಗಿನ ಮಡಿಕೆಗಳನ್ನು ಸೇರಿಸಿ ಎಣಿಸಿದರೆ ಎದೆಯ ಮೇಲೆ ಎಂಟು ಹತ್ತು ಪದರ ಬಟ್ಟೆ ಇರುತ್ತದೆ.

ಮೊದಲು ಗಮನಿಸಬೇಕಾದುದು ಲೈನಿಂಗ್. ಹೊರಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಒಳಗೆ ನುಣುಪಾದ ಪಾಲಿಯೆಸ್ಟರ್ ಕ್ರೇಪ್ ಹಾಕಿದರೆ ಬೆವರು ಹೀರದೆ ಬೆನ್ನಲ್ಲಿ ಇಳಿಯುತ್ತದೆ. ಲೈನಿಂಗ್ ತೆಳುವಾದ ಹತ್ತಿಯದೇ ಆಗಿರಬೇಕು, ಮಲ್ ಬಟ್ಟೆಯಾದರೆ ಉತ್ತಮ. ಅದನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಕೊಡಬೇಕು. ಇಲ್ಲವಾದರೆ ಮೊದಲ ಒಗೆತದಲ್ಲೇ ಲೈನಿಂಗ್ ಕುಗ್ಗಿ, ಹೊರಬಟ್ಟೆ ಸುಕ್ಕುಗಟ್ಟಿ ನಿಲ್ಲುತ್ತದೆ. ಅನೇಕ ರವಿಕೆಗಳು ಎರಡನೆಯ ಬಾರಿಗೆ ತೊಡಲಾಗದಂತೆ ಕೆಡುವುದು ಇದರಿಂದಲೇ.

ಸೀರೆಯೊಂದಿಗೆ ಬರುವ ರವಿಕೆಯ ಬಟ್ಟೆಯನ್ನು ಇಡಿಯಾಗಿ ಹೊಲಿಸಬೇಕಾಗಿಲ್ಲ. ಅದರ ಜರಿಯ ಅಂಚನ್ನಷ್ಟೇ ಕತ್ತರಿಸಿ, ಅಂಚಿನ ಬಣ್ಣಕ್ಕೇ ಹೊಂದುವ ಕೈಮಗ್ಗದ ಹತ್ತಿ ಬಟ್ಟೆಯ ರವಿಕೆಯ ತೋಳಿನ ತುದಿಗೆ ಹೊಲಿಸಬಹುದು. ಸೆರಗು ಹೊದ್ದ ಮೇಲೆ ಹೊರಗೆ ಕಾಣುವುದು ತೋಳಿನ ತುದಿ ಮತ್ತು ಬೆನ್ನಿನ ಸ್ವಲ್ಪ ಭಾಗ ಮಾತ್ರ. ನೋಡುವವರಿಗೆ ಅದು ಸೀರೆಯದೇ ಜೋಡಿಯೆಂದು ತೋರುತ್ತದೆ, ತೊಟ್ಟವರ ಮೈಗೆ ಹತ್ತಿ ಸಿಗುತ್ತದೆ. ಹತ್ತಿಯ ನೇಯ್ಗೆ ಒತ್ತಾಗಿದ್ದರೆ ಲೈನಿಂಗನ್ನು ಎದೆಯ ಭಾಗಕ್ಕೆ ಮಾತ್ರ ಹಾಕಿಸಿ, ಬೆನ್ನು ಮತ್ತು ತೋಳುಗಳನ್ನು ಒಂದೇ ಪದರದಲ್ಲಿ ಬಿಡಬಹುದು.

ಅಳತೆಯಲ್ಲಿಯೂ ಸಣ್ಣ ಬದಲಾವಣೆ ಬೇಕು. ಎದೆಯ ಸುತ್ತಳತೆಯಲ್ಲಿ ವಾಡಿಕೆಗಿಂತ ಅರ್ಧ ಇಂಚು, ತೋಳಿನ ಸುತ್ತಳತೆಯಲ್ಲಿ ಒಂದು ಇಂಚು ಸಡಿಲ ಕೊಡಲು ದರ್ಜಿಗೆ ಹೇಳಬೇಕು. ಸೆಖೆಯಲ್ಲಿ ಕೈಕಾಲು ತುಸು ಊದಿಕೊಳ್ಳುವುದುಂಟು. ಬೆಳಗ್ಗೆ ಸರಿಯಾಗಿದ್ದ ತೋಳು ಮಧ್ಯಾಹ್ನಕ್ಕೆ ಬಿಗಿಯುತ್ತದೆ. ಕಂಕುಳಿನ ಕೆಳಗೆ ಬಟ್ಟೆ ಬಿಗಿದಷ್ಟೂ ಒದ್ದೆಯ ಗುರುತು ದೊಡ್ಡದಾಗುತ್ತದೆ. ತೋಳಿಲ್ಲದ ರವಿಕೆಯಲ್ಲಿ ಈ ತೊಂದರೆಯೇ ಇಲ್ಲವೆಂಬುದು ನಿಜ. ಧಾರೆಯ ಮಂಟಪದ ಬಳಿ ಅದು ಸಲ್ಲುತ್ತದೆಯೇ ಎಂಬುದು ಆಯಾ ಮನೆಗೆ ಬಿಟ್ಟದ್ದು. ಮೊಣಕೈಯಿಂದ ಮೂರು ನಾಲ್ಕು ಇಂಚು ಮೇಲೆ ನಿಲ್ಲುವ ಸಡಿಲ ತೋಳು ಎಲ್ಲೆಡೆಯೂ ನಡೆಯುತ್ತದೆ.

ಬಣ್ಣ ಮತ್ತು ಒದ್ದೆಯ ಗುರುತು

ಬಟ್ಟೆ ಒದ್ದೆಯಾದಾಗ ಅದರ ಬಣ್ಣ ಗಾಢವಾಗುತ್ತದೆ. ಈ ವ್ಯತ್ಯಾಸ ಹೆಚ್ಚು ಕಾಣುವುದು ನಡುಛಾಯೆಯ ಬಣ್ಣಗಳಲ್ಲಿ: ಬೂದು, ಆಕಾಶನೀಲಿ, ತಿಳಿಗುಲಾಬಿ, ಹಾಲುಕಾಫಿಯ ಕಂದು. ಛಾಯಾಚಿತ್ರದಲ್ಲಂತೂ ಇದು ಎದ್ದು ತೋರುತ್ತದೆ. ಬಾಟಲಿಹಸುರು, ಕಡುನೀಲಿ, ಗಾಢ ಮೆರೂನ್ ಬಣ್ಣಗಳು ಇನ್ನೂ ಗಾಢವಾಗಲು ಎಡೆಯಿಲ್ಲದುದರಿಂದ ಒದ್ದೆಯನ್ನು ಮರೆಸುತ್ತವೆ. ಆದರೆ ಬೆವರು ಆರಿದ ಬಳಿಕ ಉಪ್ಪಿನ ಬಿಳಿ ಅಂಚು ಕಾಣಿಸಿಕೊಳ್ಳಬಹುದು. ಕೆನೆಬಣ್ಣದ ರವಿಕೆಯಲ್ಲಿ ಗುರುತು ಕಡಿಮೆ, ಆದರೆ ಒದ್ದೆಯಾದಾಗ ಒಳಗಿನದು ಕಾಣುವ ಅಪಾಯವಿದೆ. ಸಣ್ಣ ಸಣ್ಣ ಚೌಕಳಿ ಅಥವಾ ಬುಟ್ಟಾ ಇರುವ ಬಟ್ಟೆ ಎಲ್ಲಕ್ಕಿಂತ ಕ್ಷೇಮ.

ಇದರಿಂದ ಸೀರೆ–ರವಿಕೆಗಳ ಜೋಡಣೆಗೆ ಒಂದು ಸರಳ ಸೂತ್ರ ದೊರೆಯುತ್ತದೆ. ಸೀರೆಯ ಒಡಲು ತಿಳಿಯಾಗಿರಲಿ, ಅಂಚು ಗಾಢವಾಗಿರಲಿ. ರವಿಕೆಯು ಒಡಲಿಗಲ್ಲ, ಅಂಚಿಗೆ ಹೊಂದಲಿ. ಆದರೆ ಗಾಢಬಣ್ಣದ ರವಿಕೆಯು ತಿಳಿಬಣ್ಣದ ಸೆರಗಿಗೆ ಬಣ್ಣ ಬಿಡುವ ಭಯ ಇದ್ದೇ ಇದೆ. ಬರಿಯ ನೀರಿನಲ್ಲಿ ಬಣ್ಣ ಬಿಡದ ಬಟ್ಟೆಯೂ ಬೆವರಿನ ಉಪ್ಪಿಗೆ ಬಿಡುವುದುಂಟು. ಆದುದರಿಂದ ಹೊಲಿಗೆಗೆ ಕೊಡುವ ಮೊದಲು ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಕದಡಿ, ಬಿಳಿ ಕರವಸ್ತ್ರವನ್ನು ಅದರಲ್ಲಿ ಅದ್ದಿ ರವಿಕೆಯ ಬಟ್ಟೆಯ ಮೇಲೆ ಇಪ್ಪತ್ತು ಬಾರಿ ಉಜ್ಜಬೇಕು. ಬಳಿಕ ಎರಡನ್ನೂ ಒಟ್ಟಿಗೆ ಸುತ್ತಿ ಅರ್ಧ ಗಂಟೆ ಭಾರದ ಕೆಳಗೆ ಇಡಬೇಕು. ಕರವಸ್ತ್ರದಲ್ಲಿ ಕಲೆ ಮೂಡಿದರೆ ಬಟ್ಟೆಯನ್ನು ಎರಡು ಮೂರು ಬಾರಿ ಒಗೆದು ಮತ್ತೆ ಪರೀಕ್ಷಿಸಬೇಕು. ಆಗಲೂ ಬಿಟ್ಟರೆ ಆ ಬಟ್ಟೆಯನ್ನು ಕೈಬಿಡುವುದೇ ವಿವೇಕ.

ಒಂದು ಉದಾಹರಣೆ

ಉಡುಪಿಯ ಆಸುಪಾಸಿನ ಸಭಾಭವನವೊಂದರಲ್ಲಿ ಮೇ ತಿಂಗಳ ನಡುವಿನ ಮದುವೆಯೆಂದು ಭಾವಿಸೋಣ. ಮುಹೂರ್ತ 11.50ಕ್ಕೆ. ವಧುವಿನ ಚಿಕ್ಕಮ್ಮ ಬೆಳಗ್ಗೆ 8.30ಕ್ಕೆ ಬಾಗಿಲಲ್ಲಿ ಪನ್ನೀರು ಹಿಡಿದು ನಿಂತರೆ ಕೊನೆಯ ಪಂಕ್ತಿ ಏಳುವ ಮೂರು ಗಂಟೆಯವರೆಗೆ ಅವರಿಗೆ ಬಿಡುವಿಲ್ಲ. ಅವರ ಕಪಾಟಿನಲ್ಲಿ ಮೂರು ಸೀರೆಗಳಿವೆ: ಅಗಲ ಜರಿಯಂಚಿನ ಮೆರೂನ್ ಕಾಂಚೀಪುರಂ, ತೂಕ 850 ಗ್ರಾಮ್, ತಿಳಿನೀಲಿ ಮೈಸೂರು ಕ್ರೇಪ್, 450 ಗ್ರಾಮ್, ಹಸುರು ಅಂಚಿನ ಸಾಸಿವೆ ಬಣ್ಣದ ಮಹೇಶ್ವರಿ, 400 ಗ್ರಾಮಿಗೂ ಕಡಿಮೆ.

ಮೊದಲನೆಯದು ತೂಕದಿಂದಲೇ ದೂರವಾಯಿತು. ಎರಡನೆಯದು ಹಗುರ, ಆದರೆ ಅಂಟುತ್ತದೆ. ಮೇಲಾಗಿ ತಿಳಿನೀಲಿಯು ಬೆವರಿನ ಗುರುತನ್ನು ಎತ್ತಿ ತೋರಿಸುವ ಬಣ್ಣ. ಅದನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಉಳಿಯುವುದು ಮಹೇಶ್ವರಿ. ಅದಕ್ಕೆ ಬಾಟಲಿಹಸುರು ಬಣ್ಣದ ಕೈಮಗ್ಗದ ಹತ್ತಿ ಬಟ್ಟೆ ಒಂದು ಮೀಟರ್, ಅದೇ ಬಣ್ಣದ ಮಲ್ ಲೈನಿಂಗ್ ಅರ್ಧದಿಂದ ಮುಕ್ಕಾಲು ಮೀಟರ್ ಕೊಂಡು, ಎರಡನ್ನೂ ನೆನೆಸಿ, ಉಪ್ಪುನೀರಿನ ಪರೀಕ್ಷೆ ಮುಗಿಸಿ, ಸೀರೆಯೊಂದಿಗೆ ಬಂದ ರವಿಕೆ ಬಟ್ಟೆಯ ಅಂಚಿನ ಜೊತೆ ದರ್ಜಿಗೆ ಮದುವೆಗೆ ಕನಿಷ್ಠ ಮೂರು ವಾರ ಮೊದಲೇ ಕೊಡಬೇಕು. ಮೇ ತಿಂಗಳಲ್ಲಿ ದರ್ಜಿಗಳು ಕೊನೆಯ ದಿನಕ್ಕೆ ಎಳೆಯುವುದು ಎಲ್ಲರಿಗೂ ತಿಳಿದ ಸಂಗತಿ. ತಿದ್ದುಪಡಿಗೆ ಸಮಯ ಬೇಕು. ಸಾಧ್ಯವಿದ್ದರೆ ಅದೇ ಬಟ್ಟೆಯಲ್ಲಿ ಇನ್ನೊಂದು ಸರಳ ರವಿಕೆಯನ್ನೂ ಹೊಲಿಸಿಟ್ಟುಕೊಳ್ಳಲಿ. ಧಾರೆ ಮುಗಿದು ಊಟದ ಪಂಕ್ತಿ ಕೂರುವ ಮೊದಲು ಐದು ನಿಮಿಷದಲ್ಲಿ ಒಣ ರವಿಕೆಗೆ ಬದಲಿಸಿದರೆ ಉಳಿದ ಮೂರು ಗಂಟೆ ಹೊಸ ಜೀವ ಬಂದಂತಾಗುತ್ತದೆ. ಸೀರೆ ಅದೇ ಇರುವುದರಿಂದ ಯಾರ ಗಮನಕ್ಕೂ ಬಾರದು.

ಒಳಲಂಗವು ಸ್ಯಾಟಿನ್ ಆಗಿರದೆ ಹತ್ತಿಯ ಪಾಪ್ಲಿನ್ ಆಗಿರಲಿ. ತೆಳು ಲಾಡಿಯನ್ನು ಬಿಗಿದು ಕಟ್ಟಿದರೆ ಬೆವರಿಗೆ ಸೊಂಟದ ಚರ್ಮ ಉರಿದು ಕೆಂಪಾಗುತ್ತದೆ. ಎರಡು ಇಂಚು ಅಗಲದ ಪಟ್ಟಿಯ ಲಂಗವನ್ನು ಆರಿಸಬೇಕು. ಮದುವೆಗೆ ಒಂದು ವಾರ ಮೊದಲು ಮಧ್ಯಾಹ್ನ ಹನ್ನೆರಡಕ್ಕೆ, ಫ್ಯಾನು ನಿಲ್ಲಿಸಿ, ಪೂರ್ತಿ ಉಟ್ಟುಕೊಂಡು ಒಂದು ಗಂಟೆ ಮನೆಗೆಲಸ ಮಾಡಿ ನೋಡುವುದು ಉತ್ತಮ. ಎಲ್ಲಿ ಉರಿಯುತ್ತದೆ, ಎಲ್ಲಿ ಅಂಟುತ್ತದೆ, ಯಾವ ಹೊಲಿಗೆ ಕಂಕುಳಿಗೆ ಒತ್ತುತ್ತದೆ ಎಂಬುದೆಲ್ಲ ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ.

ವಧು ಅಥವಾ ವಧುವಿನ ತಾಯಿಗೆ ಈ ಸ್ವಾತಂತ್ರ್ಯ ಇರುವುದಿಲ್ಲ. ಧಾರೆಗೆ ಭಾರದ ರೇಷ್ಮೆಯೇ ಬೇಕೆಂಬ ಮನೆತನಗಳಲ್ಲಿ ಸೀರೆಯನ್ನು ಒಪ್ಪಿಕೊಂಡು ರವಿಕೆಯಲ್ಲಿ ರಿಯಾಯಿತಿ ಪಡೆಯಬೇಕಾಗುತ್ತದೆ. ಪ್ಯಾಡ್, ಕ್ಯಾನ್ವಾಸ್ ಇಲ್ಲದ, ಹತ್ತಿ ಲೈನಿಂಗಿನ ರವಿಕೆಗೆ ಕಂಕುಳಿನಲ್ಲಿ ಹತ್ತಿಯ ಎರಡು ಪದರದ ಅರ್ಧಚಂದ್ರಾಕಾರದ ತುಂಡನ್ನು ಸಡಿಲವಾಗಿ ಹೊಲಿದಿಟ್ಟರೆ ಅದು ಬೆವರನ್ನು ತಡೆಯುತ್ತದೆ, ಬಳಿಕ ಬಿಚ್ಚಿ ಒಗೆಯಬಹುದು. ಸೆರಗನ್ನು ಸಣ್ಣ ಮಡಿಕೆಗಳಾಗಿ ಪಿನ್ನು ಮಾಡುವ ಬದಲು ಅಗಲ ಮಡಿಕೆಗಳಲ್ಲಿ ಬಿಟ್ಟರೆ ಪದರಗಳೂ ಕಡಿಮೆಯಾಗುತ್ತವೆ.

ಮುಡಿಗೆ ಮುಡಿಯುವ ಮಲ್ಲಿಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ಬಾಳೆಲೆಯಿಂದ ಬಿಚ್ಚಿದ ಶಂಕರಪುರ ಮಲ್ಲಿಗೆಯ ಮಾಲೆಯನ್ನು ನೀರು ಚಿಮುಕಿಸಿದಂತೆಯೇ ಮುಡಿದರೆ ಹನಿಗಳು ಬೆನ್ನಿಗಿಳಿದು ರೇಷ್ಮೆಯ ಮೇಲೆ ಗುರುತು ಉಳಿಸುತ್ತವೆ. ಬಟ್ಟೆಯ ಮೇಲೆ ಹರವಿ ಕಾಲು ಗಂಟೆ ನೀರಿಳಿಸಿದರೆ ಸಾಕು. ಸುಗಂಧದ್ರವ್ಯವನ್ನು ಉಟ್ಟ ಮೇಲೆ ಸಿಂಪಡಿಸಬಾರದು; ಜರಿಯೂ ರೇಷ್ಮೆಯ ಬಣ್ಣವೂ ಅದರಿಂದ ಕೆಡುತ್ತವೆ.

ಮನೆಗೆ ಮರಳಿದ ಮೇಲೆ

ಬೆವೆತ ರವಿಕೆಯನ್ನು ಅದೇ ದಿನ ಒಗೆಯಬೇಕು. ಒಣಗಿದ ಬೆವರಿನ ಮೇಲೆ ಇಸ್ತ್ರಿ ಹಾಕಿದರೆ ಹಳದಿ ಕಲೆ ಶಾಶ್ವತವಾಗುತ್ತದೆ. ಜರಿಯಂಚು ಹೊಲಿದ ಹತ್ತಿ ರವಿಕೆಯನ್ನು ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ಒಗೆದು, ಹಿಂಡದೆ, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಬಹುದು. ಅಂಚಿನ ಬಣ್ಣ ಬಿಡುವುದಿಲ್ಲವೆಂದು ಮೊದಲೇ ಉಪ್ಪುನೀರಿನ ಕರವಸ್ತ್ರದಿಂದ ಪರೀಕ್ಷಿಸಿರಬೇಕು. ಬಿಡುವಂಥದ್ದಾದರೆ ಡ್ರೈಕ್ಲೀನಿಂಗೇ ಗತಿ. ಸೀರೆಯನ್ನು ಆ ರಾತ್ರಿ ಮಡಚಲೇಬಾರದು. ಫ್ಯಾನಿನಡಿ ಹರವಿ, ಮರುದಿನವೂ ನೆರಳಲ್ಲಿ ಗಾಳಿಗೆ ಹಾಕಬೇಕು.

ಇದರಲ್ಲಿ ಉದಾಸೀನ ಮಾಡಿದವರಿಗೆ ಉತ್ತರ ಸಿಗುವುದು ಜೂನ್ ತಿಂಗಳಲ್ಲಿ. ಮೇ ಕೊನೆಯ ಮದುವೆಗೂ ಮುಂಗಾರಿಗೂ ನಡುವೆ ಎರಡು ವಾರದ ಅಂತರವೂ ಇರುವುದಿಲ್ಲ. ತೇವದೊಂದಿಗೆ ಕಪಾಟು ಸೇರಿದ ಸೀರೆಯಲ್ಲಿ ಆಟಿಯ ಹೊತ್ತಿಗೆ ಬೂಷ್ಟಿನ ಬಿಳಿ ಚುಕ್ಕೆಗಳು ಮೂಡಿ, ಕ್ರಮೇಣ ಕಪ್ಪಾಗುತ್ತವೆ. ಕಪ್ಪಾದ ಚುಕ್ಕೆಯನ್ನು ಡ್ರೈಕ್ಲೀನಿಂಗಿನಿಂದಲೂ ತೆಗೆಯುವುದು ಕಷ್ಟ. ಪ್ಲಾಸ್ಟಿಕ್ ಚೀಲದಲ್ಲಿ ಇಡದೆ ಒಗೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆ ಜರಿಗೆ ತಾಗದಂತೆ ದೂರವಿರಿಸಿ, ಮಳೆ ಬಿಡುವು ಕೊಟ್ಟ ಒಂದು ಬಿಸಿಲಿನ ದಿನ ಕೋಣೆಯೊಳಗೇ ತೆಗೆದು ಹರವಿ, ಮಡಿಕೆಯ ಗೆರೆ ಬದಲಿಸಿ ಮತ್ತೆ ಇಡಬೇಕು.